ವಿಗ್ಗಿನಂಥ ಕೂದಲು

“ಮುಖ ನಮ್ಮ ಹುಡುಗೀದೇ ಕಣಪ್ಪಾ, ಕೂದ್ಲು ಮಾತ್ರ ವಿಗ್ಗು.”

ಮಂಗಳವಾರ ಸ್ಟುಡಿಯೋಗೆ ಬಂದ ತಾಯಿ ಹೀಗಂದರು. ದೂರದಲ್ಲಿರುವ ಮಗಳನ್ನು ಅಡಿಕೆ ತೋಟದಲ್ಲಿ ತೆಗೆದ ಮನೆಮಂದಿಯ ಫೋಟೋದೊಳಗೆ ಸೇರಿಸಬೇಕಿತ್ತು. ಮಗಳ ಚಿತ್ರವೋ ಮಧ್ಯಾಹ್ನದ ಬಿಳಿ ಆಕಾಶದೆದುರು ತೆಗೆದದ್ದು, ಗುಂಗುರು ಕೂದಲು ಗಾಳಿಗೆ ಹಾರಾಡುತ್ತಿತ್ತು. ನಮ್ಮ ಹುಡುಗ ಫೋಟೋಶಾಪಿನ ಪೆನ್ ಟೂಲಿನಲ್ಲಿ ಸುತ್ತು ಹಾಕಿ, ಅಂಚು ಮೆದುವಾಗಲೆಂದು ಎರಡು ಪಿಕ್ಸೆಲ್ ಫೆದರ್ ಕೊಟ್ಟು ಕೈತೊಳೆದುಕೊಂಡಿದ್ದ. ಒಳ್ಳೆಯ ಹುಡುಗ, ಆದರೆ ಅವಸರ ಜಾಸ್ತಿ. ವಿಗ್ಗು ಅನ್ನಿಸದೆ ಇನ್ನೇನು?

ಕೂದಲಿನ ತುದಿ ಎಷ್ಟೋ ಸಲ ಒಂದು ಪಿಕ್ಸೆಲ್‌ಗಿಂತ ತೆಳ್ಳಗಿರುತ್ತದೆ. ಆ ಪಿಕ್ಸೆಲ್ಲಿನಲ್ಲಿ ಅರ್ಧ ಕೂದಲು, ಅರ್ಧ ಆಕಾಶ. ಅಲ್ಲಿ ಗೆರೆ ಎಳೆದು ಕತ್ತರಿಸಿದರೆ ಕೂದಲೂ ಹೋಗುತ್ತದೆ, ಉಳಿದದ್ದರಲ್ಲಿ ಆಕಾಶವೂ ಅಂಟಿರುತ್ತದೆ.

ಹಾಗಾಗಿ ಚಾನೆಲ್‌ಗೆ ಹೋದೆವು. ಕೆಂಪು, ಹಸಿರು, ನೀಲಿ ಮೂರನ್ನೂ ಒಂದೊಂದಾಗಿ ನೋಡಿದರೆ ನೀಲಿಯಲ್ಲೇ ಕೂದಲು ಅತಿ ಕಪ್ಪು, ಆಕಾಶ ಅತಿ ಬೆಳಕು. ಅದನ್ನು ನಕಲು ಮಾಡಿಕೊಂಡು (ಮೂಲ ಚಾನೆಲ್ಲನ್ನೇ ತಿದ್ದಿದರೆ ಚಿತ್ರದ ಬಣ್ಣವೇ ಕೆಡುತ್ತದೆ) Ctrl+L ಒತ್ತಿ ಲೆವೆಲ್ಸ್‌ನಲ್ಲಿ ಕಪ್ಪು, ಬಿಳಿ ಎರಡೂ ತುದಿಗಳನ್ನು ಒಳಗೆ ತಂದೆವು. ಇಲ್ಲಿ ಕೈ ಬಿಗಿ ಹಿಡಿಯಬೇಕು. ಬೂದು ಪೂರ್ತಿ ಹೋಗುವಷ್ಟು ಎಳೆದರೆ ಎಳೆಗಳು ತಂತಿಯಂತೆ ಒರಟಾಗುತ್ತವೆ. ಕೂದಲ ಸಂದಿಯಲ್ಲಿ ಉಳಿದ ಮಬ್ಬಿಗೆ ಬ್ರಷ್ಷನ್ನು ಓವರ್‌ಲೇ ಮೋಡಿನಲ್ಲಿಟ್ಟು ಬಿಳಿ ಸವರಿದರೆ, ಅಚ್ಚ ಕಪ್ಪು ಎಳೆ ಹಾಗೇ ಇದ್ದು ಸುತ್ತಲಿನ ಬೂದು ಮಾತ್ರ ಬಿಳಿಯಾಗುತ್ತದೆ. ಮುಖ, ಬಟ್ಟೆಗಳಿಗೆ ಸಾಮಾನ್ಯ ಬ್ರಷ್ಷಿನಲ್ಲಿ ಕಪ್ಪು ತುಂಬಿ, Ctrl+I ಒತ್ತಿ ಕಪ್ಪು ಬಿಳುಪನ್ನು ಅದಲುಬದಲು ಮಾಡಿ, ಚಾನೆಲ್ಲಿನ ಪುಟ್ಟ ಚಿತ್ರದ ಮೇಲೆ Ctrl ಹಿಡಿದು ಕ್ಲಿಕ್ ಮಾಡಿದರೆ ಸೆಲೆಕ್ಷನ್ ಸಿದ್ಧ. ಅದನ್ನು ಲೇಯರ್ ಮಾಸ್ಕ್ ಮಾಡಿದೆವು.

ತೋಟದ ಕಡುಹಸಿರಿನ ಮೇಲಿಟ್ಟಾಗ ತಲೆಸುತ್ತ ಬಿಳಿ ಪ್ರಭಾವಳಿ! ದೇವರ ಫೋಟೋ ಆಗಿಬಿಟ್ಟಿತು. ಯಾವ ಪಿಕ್ಸೆಲ್ ಎಷ್ಟು ಕಾಣಬೇಕು ಅನ್ನುವುದಷ್ಟೇ ಮಾಸ್ಕ್‌ಗೆ ಗೊತ್ತು. ಅದರೊಳಗೆ ಬೆರೆತ ಆಕಾಶದ ಬಣ್ಣವನ್ನು ಅದು ತೆಗೆಯಲಾರದು. Select and Mask ಒಳಗಿನ Decontaminate Colors ಈ ಕೆಲಸಕ್ಕೇ ಇರುವುದು, ಆದರೆ ಪಿಕ್ಸೆಲ್ಲಿನ ಬಣ್ಣವನ್ನೇ ಬದಲಿಸುವುದರಿಂದ ಮೂಲ ಲೇಯರ್ ಉಳಿಸಿಕೊಂಡಿರಬೇಕು. ನಾವು ಮೇಲೊಂದು ಖಾಲಿ ಲೇಯರ್ ಇಟ್ಟು, ಹುಡುಗಿಯ ಲೇಯರಿಗೆ ಕ್ಲಿಪ್ ಮಾಡಿ, ಮಲ್ಟಿಪ್ಲೈ ಮೋಡಿನಲ್ಲಿ ಕೂದಲಿನದೇ ಬಣ್ಣವನ್ನು ಅಂಚಿಗೆ ತೆಳುವಾಗಿ ಸವರಿದೆವು. ಹುಡುಗ ಮೊದಲು ಕಲರ್ ಮೋಡ್ ಹಾಕಿದ್ದ; ಅದು ಬೆಳಕನ್ನು ಮುಟ್ಟದ ಕಾರಣ ಬಿಳಿ ಅಂಚು ಕಂದು ಛಾಯೆ ಪಡೆದು ಬೆಳ್ಳಗೇ ಉಳಿಯಿತು.

ತೀರಾ ಕಳೆದುಹೋದ ಐದಾರು ಎಳೆಗಳನ್ನು ಸಣ್ಣ ಬ್ರಷ್ಷಿನಲ್ಲಿ ಬರೆದದ್ದೂ ಹೌದು. ಗುರುವಾರ ಬಂದ ತಾಯಿ ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

“ಎಣ್ಣೆ ಹಚ್ಕೊಳಲ್ಲ ನೋಡಿ ಇವಳು,” ಅಂದರು.