14 ಮಹಡಿ 14 ಆಗಿಯೇ ಉಳಿಯಬೇಕಾದರೆ

ಬೆಂಗಳೂರಿನ ಬಿಲ್ಡರ್‌ಗಳಿಗೆ ಅಪಾರ್ಟ್‌ಮೆಂಟ್‌ನ ಚಿತ್ರ ಮಾಡಿಕೊಡುವುದು ನನ್ನ ಕೆಲಸ. ಸ್ಕೆಚ್‌ಅಪ್‌ನ 3ಡಿ ಮಾಡೆಲ್‌ನಿಂದ ಮೂಲ ಚಿತ್ರ, ಅಂದರೆ ರೆಂಡರ್, ತೆಗೆದು, ಈಗೀಗ ಕೊನೆಯ ಹಂತಕ್ಕೆ ಎಐ ಇಮೇಜ್ ಜನರೇಟರ್ ಬಳಸುತ್ತೇವೆ. ಸಂಜೆ ಬೆಳಕು, ಮೋಡ, ಗೋಡೆಯ ಬಣ್ಣ ಎಲ್ಲ ಬೇಗ ಬರುತ್ತದೆ. ಆದರೆ ಒಂದೇ ಥರದ ಬಾಲ್ಕನಿ ಮೇಲಿಂದ ಕೆಳಗಿನವರೆಗೂ ಇರುವ ಕಟ್ಟಡ ಕೊಟ್ಟರೆ ಅದಕ್ಕೆ ಲೆಕ್ಕ ತಪ್ಪುತ್ತದೆ.

ವೈಟ್‌ಫೀಲ್ಡ್ ಕಡೆಯ ಒಂದು ಟವರ್ ತಗೊಳ್ಳಿ. ಸ್ಟಿಲ್ಟ್, ಅದರ ಮೇಲೆ 14 ಮಹಡಿ. ಮುಂಭಾಗದಲ್ಲಿ ಮೇಲಿಂದ ಕೆಳಗೆ ನಾಲ್ಕು ಸಾಲು ಬಾಲ್ಕನಿ. ಎರಡು ಸಾಲಿನಲ್ಲಿ ಪ್ರತಿ ಮಹಡಿಗೂ ಒಂದೊಂದು. ಇನ್ನೆರಡರಲ್ಲಿ ಒಂದು ಮಹಡಿ ಬಿಟ್ಟು ಒಂದು, ಅಂದರೆ ಡಬಲ್ ಹೈಟ್. ಒಟ್ಟು 42 ಬಾಲ್ಕನಿ. ಜನರೇಟರ್ ಕೊಟ್ಟ ಮೊದಲ ಚಿತ್ರದಲ್ಲಿ ಎಡ ತುದಿಯಲ್ಲಿ 13 ಮಹಡಿ, ಬಲ ತುದಿಯಲ್ಲಿ 15. ಡಬಲ್ ಹೈಟ್ ಇದ್ದ ಕಡೆಯೆಲ್ಲ ನಡುವೆ ಒಂದೊಂದು ಸ್ಲ್ಯಾಬ್ ಹಾಕಿ ಮುಚ್ಚಿಬಿಟ್ಟಿತ್ತು. ಮಾರ್ಕೆಟಿಂಗ್‌ನವರು ನೋಡಿ, "ಮೇಡಂ, ಚಿತ್ರ ಸೂಪರ್. ಆದ್ರೆ ಡಬಲ್ ಹೈಟ್ ಎಲ್ಲಿ ಹೋಯ್ತು? ನಾವು ಮಾರ್ತಿರೋದೇ ಅದನ್ನ" ಅಂದರು.

ಅವರ ಗಾಬರಿ ಸುಮ್ನೆ ಅಲ್ಲ. 2016ರ ರೇರಾ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ, ಜಾಹೀರಾತಿನ ತಪ್ಪು ಮಾಹಿತಿ ನಂಬಿ ದುಡ್ಡು ಕಟ್ಟಿದವರಿಗೆ ನಷ್ಟವಾದರೆ ಬಿಲ್ಡರ್ ಪರಿಹಾರ ಕೊಡಬೇಕು. ಮನೆಯೇ ಬೇಡ ಅಂದರೆ ಹಣವನ್ನು ಬಡ್ಡಿ ಸಮೇತ ವಾಪಸ್ ಮಾಡಬೇಕು.

ಇಂಥ ಕಡೆ ಹೆಚ್ಚಿನವರು ಮೊದಲು ಮಾಡುವುದು ಪ್ರಾಂಪ್ಟ್‌ನಲ್ಲಿ 14 ಮಹಡಿ ಅಂತ ಬರೆಯುವುದು. ಅದರಿಂದ ಏನೂ ಆಗುವುದಿಲ್ಲ. ಜನರೇಟರ್‌ಗೆ ಆ ಸಂಖ್ಯೆ "ಎತ್ತರದ ಕಟ್ಟಡ" ಅನ್ನುವಷ್ಟೇ ಅರ್ಥ ಕೊಡುತ್ತದೆ. ಅದು ಒಂದು, ಎರಡು ಅಂತ ಎಣಿಸುತ್ತಾ ಬರೆಯುವುದಿಲ್ಲ, ಇಡೀ ಚಿತ್ರವನ್ನು ಒಟ್ಟಿಗೇ ಮಸುಕಿನಿಂದ ಸ್ಪಷ್ಟ ಮಾಡುತ್ತಾ ಹೋಗುತ್ತದೆ. ಪಕ್ಕದಲ್ಲಿ ಬಾಲ್ಕನಿ ಇದ್ದರೆ ಇಲ್ಲೂ ಬಾಲ್ಕನಿ ಇರಬೇಕು ಅನ್ನುವುದು ಅದರ ತರ್ಕ. ಡಬಲ್ ಹೈಟ್ ಮುಚ್ಚಿಹೋಗುವುದೂ ಇದಕ್ಕೇ.

ನಿಜವಾದ ಕಾರಣ ಅಳತೆಯಲ್ಲಿದೆ. ನಾವು ಬಳಸುವುದು ಸ್ಟೇಬಲ್ ಡಿಫ್ಯೂಷನ್ ಎಕ್ಸ್‌ಎಲ್. ಅದು 1024 ಪಿಕ್ಸೆಲ್ ಚಿತ್ರವನ್ನು ಒಳಗೆ ಉದ್ದಕ್ಕೂ ಅಗಲಕ್ಕೂ 128 ಚೌಕಕ್ಕೆ ಇಳಿಸಿಕೊಂಡು ಕೆಲಸ ಮಾಡುತ್ತದೆ. ಅಂದರೆ ಒಂದು ಚೌಕಕ್ಕೆ 8 ಪಿಕ್ಸೆಲ್. ನಮ್ಮ ಟವರ್ ಚಿತ್ರದಲ್ಲಿ 840 ಪಿಕ್ಸೆಲ್ ಎತ್ತರ ಇದೆ ಅಂದುಕೊಳ್ಳಿ. ಸ್ಟಿಲ್ಟ್ ಸೇರಿ 15 ಹಂತ, ಹಂತಕ್ಕೆ 56 ಪಿಕ್ಸೆಲ್. ಮಹಡಿಯ ಎತ್ತರ 3 ಮೀಟರ್ ಆದರೆ, 150 ಮಿಲಿಮೀಟರ್ ಸ್ಲ್ಯಾಬ್‌ನ ಅಂಚು ಮೂರು ಪಿಕ್ಸೆಲ್ ಕೂಡ ಬರಲ್ಲ. ಒಂದು ಮಹಡಿಯನ್ನು ಇನ್ನೊಂದರಿಂದ ಬೇರೆ ಮಾಡುವ ಗೆರೆಗೆ ಅರ್ಧ ಚೌಕವೂ ಸಿಗಲಿಲ್ಲ. ಅದು ಮೇಲೆ ಕೆಳಗೆ ಜಾರದೆ ಇನ್ನೇನು ಮಾಡೀತು?

ಹಾಗಾಗಿ ಮುಖಭಾಗವನ್ನು ತುಂಡು ಮಾಡಿ ದೊಡ್ಡದಾಗಿಸುತ್ತೇವೆ. ಸ್ಕೆಚ್‌ಅಪ್‌ನಿಂದ ಮೂರು ಪಟ್ಟು ದೊಡ್ಡ ಚಿತ್ರ ತೆಗೆದರೆ ಮಹಡಿಗೆ 168 ಪಿಕ್ಸೆಲ್, ಸ್ಲ್ಯಾಬ್ ಅಂಚಿಗೆ ಸುಮಾರು 8 ಪಿಕ್ಸೆಲ್. ಹೆಚ್ಚುಕಡಿಮೆ ಒಂದು ಚೌಕ. 1024ರ ಒಂದು ತುಂಡಿನಲ್ಲಿ ಆರು ಹಂತ ಕಾಣುತ್ತದೆ. ಐದು ನಮ್ಮದು, ಆರನೆಯದು ಮುಂದಿನ ತುಂಡಿನ ಜೊತೆ ಕೂಡಿಸಲು. ಎತ್ತರಕ್ಕೆ ಮೂರು ತುಂಡಿನಲ್ಲಿ ಟವರ್ ಮುಗಿಯುತ್ತದೆ.

ತುಂಡಿನ ಪ್ರಾಂಪ್ಟ್‌ನಲ್ಲಿ ಟವರ್, ಹೈರೈಸ್ ಅನ್ನುವ ಪದವೇ ಇರಬಾರದು. ಇದ್ದರೆ ಆ ಐದು ಮಹಡಿಯೊಳಗೇ ಇಡೀ ಟವರ್ ತುರುಕಲು ನೋಡುತ್ತದೆ. ನಾವು ಬರೆಯುವುದು ಇಷ್ಟೇ:

```
painted plaster wall, metal railing, clear glass, warm evening light
```

ಇನ್ನು ಗೆರೆ. ಕೊಟ್ಟ ಗೆರೆಯ ಮೇಲೆಯೇ ಜನರೇಟರ್ ಚಿತ್ರ ಬರೆಯುವಂತೆ ಹಿಡಿದಿಡುವುದು ಕಂಟ್ರೋಲ್‌ನೆಟ್. ಅದಕ್ಕೆ ರೆಂಡರ್ ಮಾಡಿದ ಚಿತ್ರ ಕೊಟ್ಟು, ನೀನೇ ಗೆರೆ ಹುಡುಕಿಕೋ ಅನ್ನಬಾರದು. ನೆರಳಿನ ಅಂಚನ್ನೂ ಅದು ಸ್ಲ್ಯಾಬ್ ಅಂತ ಹಿಡಿಯುತ್ತದೆ. ಸ್ಕೆಚ್‌ಅಪ್ ಮಾಡೆಲ್‌ನಿಂದಲೇ ಗೆರೆಚಿತ್ರ ತೆಗೆಯಿರಿ. ಕಪ್ಪು ಹಿನ್ನೆಲೆ, ಬಿಳಿ ಗೆರೆ. ಉಲ್ಟಾ ಕೊಟ್ಟರೆ ಕೆಲಸ ಕೆಡುತ್ತದೆ. ಗೆರೆ ಹುಡುಕುವ ಪ್ರಿಪ್ರೊಸೆಸರ್ ಬೇಡ, ಅದಕ್ಕೆ `none`. ಗೆರೆಯಲ್ಲಿ ಸ್ಲ್ಯಾಬ್ ಅಂಚು, ಬಾಲ್ಕನಿಯ ಹೊರಗೆರೆ, ಕಿಟಕಿ ಚೌಕಟ್ಟು ಇರಲಿ. ರೇಲಿಂಗ್‌ನ ಸಣ್ಣ ಕಂಬಿ, ಟೈಲ್ಸ್ ಜಾಯಿಂಟ್ ತೆಗೆದುಬಿಡಿ. ಎಂಟು ಪಿಕ್ಸೆಲ್‌ಗಿಂತ ಹತ್ತಿರದಲ್ಲಿ ಓಡುವ ಗೆರೆಗಳು ಒಂದಕ್ಕೊಂದು ಅಂಟಿಕೊಂಡು, ಅಲ್ಲೊಂದು ಹೊಸ ಸ್ಲ್ಯಾಬ್ ಹುಟ್ಟುತ್ತದೆ. ಕಂಬಿಗಳನ್ನು ಕೊನೆಗೆ ಮೂಲ ರೆಂಡರ್‌ನಿಂದ ಮೇಲೆ ಕೂರಿಸಿದರಾಯಿತು.

ಗೆರೆಯ ಹಿಡಿತ ಎಷ್ಟು ಬಿಗಿ ಅನ್ನುವ `Control Weight` 1ರ ಹತ್ತಿರ, ಆ ಹಿಡಿತ ಎಲ್ಲಿಯವರೆಗೆ ಅನ್ನುವ `Ending Control Step` 0.9. ಇದನ್ನು 0.5ಕ್ಕೇ ನಿಲ್ಲಿಸಿದರೆ ಬೆಳಕು ಹೆಚ್ಚು ಸಹಜವಾಗಿ ಬರುತ್ತದೆ ಅಂತ ಹೇಳುವವರಿದ್ದಾರೆ. ಬರುತ್ತದೆ, ಸರಿ. ಆದರೆ ಉಳಿದ ಅರ್ಧ ದಾರಿಯಲ್ಲಿ ಅದು ತನ್ನಿಷ್ಟದಂತೆ ಬಾಲ್ಕನಿ ತಿದ್ದುತ್ತದೆ. ಕೊಟ್ಟ ರೆಂಡರನ್ನು ಎಷ್ಟು ಬದಲಿಸಬಹುದು ಅನ್ನುವ `Denoising strength` ಅನ್ನು ಮುಖಭಾಗದ ಮೇಲೆ 0.3 ದಾಟಿಸುವುದಿಲ್ಲ. ಆಕಾಶ, ರಸ್ತೆ, ಗಿಡಮರಕ್ಕೆ ಬೇರೆ ಮಾಸ್ಕ್ ಹಾಕಿ 0.6ರವರೆಗೆ ಬಿಡುತ್ತೇವೆ. ಅಲ್ಲಿ ಯಾರೂ ಎಲೆ ಎಣಿಸಲ್ಲ.

ಗೆರೆ ಬೇಡ, ಯಾವುದು ಎಷ್ಟು ದೂರ ಅಂತ ಬೂದುಬಣ್ಣದಲ್ಲಿ ತೋರಿಸುವ ಡೆಪ್ತ್ ಮ್ಯಾಪ್ ಒಂದೇ ಸಾಕು ಅನ್ನುವ ಮಾತೂ ಕೇಳಿದ್ದೇನೆ. ಲೆಕ್ಕ ಹಾಕಿ ನೋಡಿ. ಚಿತ್ರದಲ್ಲಿ ಹತ್ತಿರದ ವಸ್ತು 20 ಮೀಟರ್, ದೂರದ್ದು 120 ಮೀಟರ್ ಇದ್ದರೆ, ಆ 100 ಮೀಟರ್ ಬೂದುಬಣ್ಣದ 256 ಹಂತಗಳಲ್ಲಿ ಹಂಚಿಹೋಗುತ್ತದೆ. ಒಂದೂವರೆ ಮೀಟರ್ ಮುಂದೆ ಬಂದ ಬಾಲ್ಕನಿಗೆ ಸಿಗುವುದು ನಾಲ್ಕು ಹಂತ. ಕಣ್ಣಿಗೆ ಗೋಡೆಯೂ ಬಾಲ್ಕನಿಯೂ ಒಂದೇ. ಮಾಡೆಲ್‌ನಿಂದ ಡೆಪ್ತ್ ತೆಗೆಯುವಾಗ ದೂರದ ಮಿತಿಯನ್ನು ಕಟ್ಟಡದ ಸುತ್ತಲಿನ 30 ಮೀಟರ್‌ಗೆ ಇಳಿಸಿದರೆ ಅದೇ ಬಾಲ್ಕನಿಗೆ 13 ಹಂತದಷ್ಟು ಸಿಗುತ್ತದೆ. ಆಗ ಗೆರೆಯ ಜೊತೆ ಸೇರಿ ಅದೂ ಕೆಲಸಕ್ಕೆ ಬರುತ್ತದೆ. ಡಬಲ್ ಹೈಟ್ ಜಾಗ ಟೊಳ್ಳು ಅಂತ ಜನರೇಟರ್‌ಗೆ ಹೇಳುವುದು ಡೆಪ್ತ್ ಮಾತ್ರ, ಗೆರೆಗೆ ಅದು ಬರಲ್ಲ.

ಕ್ಯಾಮೆರಾ ಇಡುವಾಗ ಟೂ ಪಾಯಿಂಟ್ ಪರ್ಸ್ಪೆಕ್ಟಿವ್ ಇಟ್ಟುಕೊಳ್ಳುವುದು ಒಳ್ಳೆಯದು. ಗೋಡೆಯ ಗೆರೆಗಳು ನೆಟ್ಟಗೆ ನಿಲ್ಲುತ್ತವೆ. ಜೊತೆಗೆ ಕಟ್ಟಡದ ಒಂದೇ ಮೂಲೆಯಲ್ಲಿ ನೋಡಿದರೆ ಎಲ್ಲ ಮಹಡಿಗೂ ಒಂದೇ ಅಳತೆ ಇರುತ್ತದೆ. ಕೆಳಗಿನಿಂದ ತಲೆಯೆತ್ತಿ ನೋಡುವ ಆ್ಯಂಗಲ್‌ನಲ್ಲಿ ಮೇಲಿನ ಮಹಡಿಗಳು ಕುಗ್ಗುತ್ತವೆ, ಮೊದಲು ಕಳೆದುಹೋಗುವುದೂ ಅವೇ.

ಈ ಸಮ ಅಳತೆಯಿಂದ ತಪಾಸಣೆಯೂ ಸುಲಭ. ಬೆರಳಿಟ್ಟು ಎಣಿಸಬೇಡಿ. ಒಂದೇ ಥರದ ಬಾಲ್ಕನಿ ನೋಡ್ತಾ ನೋಡ್ತಾ ನಮ್ಮ ಕಣ್ಣೂ ಒಂದು ಮಹಡಿ ಹಾರಿಸುತ್ತದೆ. ಫೋಟೊಶಾಪ್‌ನಲ್ಲಿ ಗೆರೆಚಿತ್ರವನ್ನು ಮುಗಿದ ಚಿತ್ರದ ಮೇಲೆ `Screen` ಮೋಡ್‌ನಲ್ಲಿ ಇಡಿ. ಪ್ರತಿ ಬಾಲ್ಕನಿ ಸಾಲಿನ ಮೇಲೆ ಮೇಲಿಂದ ಕೆಳಗೆ ಬನ್ನಿ. ಗೆರೆಗೆ ಸ್ಲ್ಯಾಬ್ ಸಿಗದಿದ್ದರೆ ಒಂದು ಮಾಯವಾಗಿದೆ, ಸ್ಲ್ಯಾಬ್‌ಗೆ ಗೆರೆ ಸಿಗದಿದ್ದರೆ ಒಂದು ಹೆಚ್ಚಾಗಿದೆ. ಮೂಲೆಯಲ್ಲಿ ಎರಡೂ ಮುಖದ ಸ್ಲ್ಯಾಬ್ ಒಂದೇ ಎತ್ತರದಲ್ಲಿ ಸೇರುತ್ತಿದೆಯಾ ನೋಡಿ. ತುಂಡುಗಳು ಕೂಡುವ ಮಹಡಿಯನ್ನು ಎರಡು ಸಲ ನೋಡಿ, ಕಳ್ಳ ಸ್ಲ್ಯಾಬ್ ಸಿಗುವುದು ಹೆಚ್ಚಾಗಿ ಅಲ್ಲೇ.

ಮರಗಳನ್ನು ಮಾತ್ರ ಕೊನೆಗೆ ಸೇರಿಸಿ. ಎಲ್ಲ ಬಿಲ್ಡರ್‌ಗಳಿಗೂ ಮುಂದೆ ಗುಲಾಬಿ ಹೂ ಬಿಟ್ಟ ಟಬೂಬಿಯಾ ಬೇಕೇ ಬೇಕು, ಬೆಂಗಳೂರು ಅಲ್ವಾ! ಮೊದಲೇ ಮರ ಇಟ್ಟರೆ ಅದರ ಹಿಂದಿನ ಎರಡು ಮೂರು ಮಹಡಿ ಏನಾಗಿದೆ ಅಂತ ಯಾರಿಗೂ ಗೊತ್ತಾಗಲ್ಲ, ಕೊಂಬೆಯ ಎಡ ಬಲಕ್ಕೆ ಬೇರೆ ಬೇರೆ ಎತ್ತರದಲ್ಲಿ ಸ್ಲ್ಯಾಬ್ ಹೊರಡುತ್ತದೆ.

ಇಷ್ಟೆಲ್ಲ ಮಾಡಿಯೂ ಒಂದೆರಡು ಬಾಲ್ಕನಿ ಹಟ ಹಿಡಿದರೆ ಸೀಡ್ ಸಂಖ್ಯೆ ಬದಲಿಸಿ ಮತ್ತೆ ಮತ್ತೆ ಚಿತ್ರ ಮಾಡಿಸುತ್ತಾ ಕೂರಬೇಡಿ, ಸರಿಯಾಗಿದ್ದ ಇನ್ನೊಂದು ಕಡೆ ಕೆಡುತ್ತದೆ. ಮೂಲ ರೆಂಡರ್‌ನಿಂದ ಆ ಬಾಲ್ಕನಿಯನ್ನಷ್ಟೇ ಕತ್ತರಿಸಿ ಅಲ್ಲಿ ಕೂರಿಸಿ, ಬಣ್ಣ ಹೊಂದಿಸಿ, ಫೈಲ್ ಕಳಿಸಿ.