‘ಕಳುಹಿಸಿಲ್ಲ’ ಎನ್ನಲು ಹೇಳಿದ ‘ಯೆಸ್’

ಹಳೆಯ ಫೈಲುಗಳನ್ನು ಸ್ಟೋರ್‌ಗೆ ಸಾಗಿಸುವಾಗ ಕಳೆದ ವಾರ ಆ 8ಡಿ ರಿಪೋರ್ಟ್, ಅಂದರೆ ಕಸ್ಟಮರ್‌ನ ದೂರಿಗೆ ಎಂಟು ಹಂತಗಳಲ್ಲಿ ಬರೆದ ಉತ್ತರ, ಮತ್ತೆ ಕೈಗೆ ಸಿಕ್ಕಿತು. ದೋಷದ ಮಾಲು ಮುಂದೆ ಹೋಗದಂತೆ ತಕ್ಷಣ ಏನು ಮಾಡಿದೆವು ಎಂದು ಹೇಳುವ ಅದರ ಡಿ3 ಪುಟವನ್ನು ಎರಡು ಸಲ ಬರೆಯಲಾಗಿದೆ, ಮತ್ತು ಎರಡನೆಯ ಸಲ ಬರೆಯಬೇಕಾಗಿ ಬಂದದ್ದು ನನ್ನಿಂದ. ನಾಲ್ಕು ವರ್ಷ ಕಳೆದರೂ ಆ ಪುಟ ನೋಡಿದಾಗ ಹೊಟ್ಟೆಯಲ್ಲಿ ಏನೋ ಹಿಂಡಿದಂತಾಗುತ್ತದೆ.

ನಾನು ಬೆಳಗಾವಿಯ ಉದ್ಯಮಬಾಗ್‌ನ ಒಂದು ಫೌಂಡ್ರಿಯಲ್ಲಿ ಕ್ವಾಲಿಟಿ ವಿಭಾಗದವನು. ಊರು ಬೈಲಹೊಂಗಲದ ಹತ್ತಿರದ ಹಳ್ಳಿ, ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ. ಕೆಲಸಕ್ಕೆ ಸೇರಿದಾಗ ಮರಾಠಿಯೂ ಬರುತ್ತಿರಲಿಲ್ಲ. ಮೋಲ್ಡಿಂಗ್ ಲೈನಿನ ಕಾಕಾ ಒಬ್ಬರು ಮರಳು ಮುಟ್ಟಿ ನೋಡುವುದನ್ನೂ ಮರಾಠಿಯನ್ನೂ ಒಟ್ಟಿಗೇ ಕಲಿಸಿದರು. ತಪ್ಪು ಮಾತನಾಡಿದರೆ ಅಲ್ಲೇ ತಿದ್ದುತ್ತಿದ್ದರು, ಮರುಕ್ಷಣ ಮರೆಯುತ್ತಿದ್ದರು. ವರ್ಷದೊಳಗೆ ಭಾಷೆ ನಾಲಿಗೆಗೆ ಬಂತು. ಇಂಗ್ಲಿಷ್ ಮಾತ್ರ ನನ್ನೆದುರು ಬರುತ್ತಿದ್ದದ್ದು ಆಡಿಟ್‌ನಲ್ಲಿ, ಕಸ್ಟಮರ್ ಕಾಲ್‌ನಲ್ಲಿ, ಅಂದರೆ ತಪ್ಪಿಗೆ ಜಾಗವೇ ಇಲ್ಲದ ಕಡೆ.

ಅದು ಜುಲೈ ತಿಂಗಳು, ಬಿಡದ ಮಳೆ. ಜರ್ಮನಿಯ ಒಬ್ಬ ಕಸ್ಟಮರ್‌ಗೆ ಹೋದ ಪಂಪ್ ಹೌಸಿಂಗ್‌ಗಳಲ್ಲಿ ಏಳು ಪೀಸ್ ಲೀಕ್ ಟೆಸ್ಟ್‌ನಲ್ಲಿ ಫೇಲಾಗಿದ್ದವು. ಮಷೀನಿಂಗ್ ಮಾಡಿದ ಮೇಲೆ ಹಬೆ ಸಿಕ್ಕಿಕೊಂಡು ಆದ ಒಳಗಿನ ತೂತು, ಬ್ಲೋ ಹೋಲ್, ತೆರೆದುಕೊಂಡಿತ್ತು. ಏಳೂ ಒಂದೇ ಹೀಟ್‌ನವು, ಅಂದರೆ ಒಂದೇ ಸಲ ಕರಗಿಸಿದ ಲೋಹದವು. ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ನಮ್ಮ ಅಚ್ಚಿನ ಮರಳಿನ ತೇವ ಶೇಕಡಾ 3ರಿಂದ 4ರೊಳಗೆ ಇರಬೇಕು. ಆ ವಾರ ಎರಡು ಪಾಳಿಗಳಲ್ಲಿ 4.8 ಎಂದು ಸ್ಯಾಂಡ್ ಕಾರ್ಡ್‌ನಲ್ಲೇ ಬರೆದಿತ್ತು. ಅಷ್ಟು ತೇವವಿದ್ದರೆ ಹಬೆ ಹೆಚ್ಚುತ್ತದೆ, ಮರಳಿನ ಸಂದಿಗಳ ಮೂಲಕ ಅದು ಹೊರಹೋಗಲಾರದು, ಲೋಹದೊಳಗೇ ಉಳಿಯುತ್ತದೆ. ಅದೇ ಮರಳಿನಲ್ಲಿ ಸುರಿದ ಎರಡನೆಯ ಲಾಟ್, 180 ಪೀಸ್, ಇನ್ನೂ ನಮ್ಮ ಅಂಗಳದಲ್ಲೇ ಇತ್ತು. ಆ ಬೆಳಿಗ್ಗೆಯೇ ನಾನು ಅದಕ್ಕೆ ಕೆಂಪು ಟ್ಯಾಗ್ ಹಾಕಿ ನಿಲ್ಲಿಸಿದ್ದೆ. ಹೇಳಬೇಕಾಗಿದ್ದದ್ದು ಒಳ್ಳೆಯ ಸುದ್ದಿಯೇ.

ಕಾಲ್ ಇದ್ದದ್ದು ಮಧ್ಯಾಹ್ನ ಎರಡಕ್ಕೆ. ಮ್ಯಾನೇಜರ್ ನನ್ನನ್ನು ಕರೆದದ್ದು ಎರಡಕ್ಕೆ ಹತ್ತು ನಿಮಿಷ ಇರುವಾಗ. ‘ಮಾಹಿತಿ ನಿನ್ನ ಬಳಿ ಇದೆ, ನೀನೇ ಮಾತನಾಡು’ ಎಂದರು. ಹೀಗೆ ಕೊನೆಯ ಗಳಿಗೆಯಲ್ಲಿ ಒಬ್ಬನನ್ನು ಎಳೆದು ಕೂರಿಸುವುದು ತಪ್ಪು ಎಂದು ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಅಂಗೈ ಬೆವರುತ್ತಿತ್ತು. ಆ ಕಡೆಯ ಇಂಜಿನಿಯರ್ ನಿಧಾನವಾಗಿಯೇ ಕೇಳಿದರು: ‘ದಿ ಸೆಕೆಂಡ್ ಲಾಟ್ ಹ್ಯಾಸ್ ನಾಟ್ ಲೆಫ್ಟ್ ಯುವರ್ ಪ್ಲಾಂಟ್?’

ಪ್ರತಿ ಪದವೂ ಅರ್ಥವಾಯಿತು. ‘ಎರಡನೆಯ ಲಾಟ್ ನಿಮ್ಮಲ್ಲಿಂದ ಹೊರಟಿಲ್ಲ, ಅಲ್ಲವೇ?’ ಎಂದು ತಲೆಯೊಳಗೆ ಕನ್ನಡವಾಯಿತು. ಅದಕ್ಕೆ ಕನ್ನಡದ ಉತ್ತರ ‘ಹೌದು’. ನಾನು ‘ಯೆಸ್ ಸರ್’ ಎಂದೆ.

ಆ ಕಡೆ ಮೌನ. ಆಮೇಲೆ, ‘ಯೆಸ್?’

ನನ್ನ ಉಚ್ಚಾರಣೆ ಕೇಳಿಸಲಿಲ್ಲವೆಂದುಕೊಂಡು ಇನ್ನಷ್ಟು ಗಟ್ಟಿಯಾಗಿ ‘ಯೆಸ್ ಸರ್’ ಎಂದೆ. ‘ಆಲ್ ಒನ್ ಏಟಿ?’ ಎಂದು ಕೇಳಿದರು. ‘ಯೆಸ್, ಆಲ್’ ಎಂದೆ. ಅವರು ನಿಟ್ಟುಸಿರು ಬಿಟ್ಟದ್ದು ಸ್ಪೀಕರಿನಲ್ಲಿ ಕೇಳಿಸಿತು. ಅದನ್ನು ನಾನು ಸಮಾಧಾನದ ಉಸಿರೆಂದು ತಿಳಿದೆ. ಕೋಣೆಯಲ್ಲಿ ನಾವು ನಾಲ್ವರಿದ್ದೆವು. ಯಾರೂ ನನ್ನನ್ನು ತಡೆಯಲಿಲ್ಲ, ಏಕೆಂದರೆ ಮರಾಠಿಯಲ್ಲೂ ಆ ಪ್ರಶ್ನೆಗೆ ‘ಹೋ’ ಎಂದೇ ಉತ್ತರ. ನಾಲ್ವರಿಗೂ ನನ್ನ ಮಾತು ಸರಿಯಾಗಿಯೇ ಕೇಳಿಸಿತ್ತು.

ಮರುದಿನ ಬೆಳಿಗ್ಗೆ ಮೇಲ್ ಬಂದಿತ್ತು. 180 ಪೀಸ್ ಹೊರಟಿರುವುದನ್ನು ನಿಮ್ಮ ಇಂಜಿನಿಯರ್ ಖಚಿತಪಡಿಸಿದ್ದಾರೆ, ಸಾಗಣೆಯ ದಾಖಲೆ ಕಳುಹಿಸಿ, ಇಲ್ಲಿ ಕೆಟ್ಟ ಪೀಸ್‌ಗಳನ್ನು ಆರಿಸಿ ತೆಗೆಯಲು ಸಾರ್ಟಿಂಗ್ ಏಜೆನ್ಸಿಯನ್ನು ಗೊತ್ತು ಮಾಡಿದ್ದೇವೆ ಎಂದಿತ್ತು. ಡಿಸ್ಪ್ಯಾಚ್ ರಿಜಿಸ್ಟರ್‌ನ ಪುಟ, ಕೆಂಪು ಟ್ಯಾಗ್ ಹಾಕಿದ ಪೆಟ್ಟಿಗೆಗಳ ಚಿತ್ರ, ಎಲ್ಲ ಕಳುಹಿಸಿ ವಿಷಯ ತಿಳಿಯಾಗುವಷ್ಟರಲ್ಲಿ ಏಜೆನ್ಸಿಯ ಒಂದು ಪಾಳಿಯ ಖರ್ಚು ಡೆಬಿಟ್ ನೋಟ್ ಆಗಿ ನಮ್ಮ ಮೇಲೆ ಬಿದ್ದಿತ್ತು. ‘ನೀನು ಕಳುಹಿಸಿದ್ದೇವೆ ಎಂದೆಯಾ?’ ಎಂದು ಮ್ಯಾನೇಜರ್ ಕೇಳಿದಾಗ ‘ಕಳುಹಿಸಿಲ್ಲ ಎಂದೇ ಹೇಳಿದೆ ಸರ್’ ಎಂದು ನಾನು ಪ್ರಾಮಾಣಿಕವಾಗಿ ವಾದಿಸಿದೆ.

ಆಗ ನಾನು ಇನ್ನೊಂದು ತಪ್ಪು ತೀರ್ಮಾನಕ್ಕೆ ಬಂದೆ. ನನ್ನ ವ್ಯಾಕರಣ ಸರಿಯಿಲ್ಲ ಎಂದುಕೊಂಡು ಎರಡು ತಿಂಗಳು ಸಂಜೆಯ ಇಂಗ್ಲಿಷ್ ತರಗತಿಗೆ ಹೋದೆ. ಸ್ವಪರಿಚಯ, ಕಾಲಗಳ ಪಟ್ಟಿ, ಎಲ್ಲ ಬಾಯಿಪಾಠವಾಯಿತು. ಮುಂದಿನ ಕಾಲ್‌ನಲ್ಲಿ ಮತ್ತೆ ಬಾಯಿ ಕಟ್ಟಿತು.

ಗಂಟು ಬಿಚ್ಚಿದವರು ಅದೇ ಜರ್ಮನ್ ಇಂಜಿನಿಯರ್. ಚಳಿಗಾಲದಲ್ಲಿ ಫೌಂಡ್ರಿಗೆ ಬಂದಾಗ ಟೀ ಕುಡಿಯುತ್ತ ಆ ವಿಷಯ ತೆಗೆದರು. ‘ಇಲ್ಲ’ ಎಂಬ ಪ್ರಶ್ನೆಯನ್ನು ಅಲ್ಲಗಳೆಯಲು ತಮ್ಮ ಭಾಷೆಯಲ್ಲಿ ‘ಡೋಖ್’ ಎಂಬ ಬೇರೆಯೇ ಪದವಿದೆ, ಹೊರಟಿಲ್ಲವೇ ಎಂದರೆ ‘ಡೋಖ್’, ಅಂದರೆ ಹೊರಟಿದೆ ಎಂದು ವಿವರಿಸಿದರು. ಇಂಗ್ಲಿಷ್‌ನಲ್ಲಿ ಆ ಪದವಿಲ್ಲ, ಹಾಗಾಗಿ ನನ್ನ ‘ಯೆಸ್’ ಅವರಿಗೆ ‘ಡೋಖ್’ ಆಗಿ ಕೇಳಿಸಿತ್ತು. ಕನ್ನಡದಲ್ಲಿ ನಾವು ಕೇಳಿದವರ ಮಾತು ಸರಿಯೋ ತಪ್ಪೋ ಎಂದು ಉತ್ತರಿಸುತ್ತೇವೆ. ಇಂಗ್ಲಿಷ್‌ನಲ್ಲಿ ಕೆಲಸ ಆಗಿದೆಯೋ ಇಲ್ಲವೋ ಎಂಬುದಕ್ಕೆ ಉತ್ತರಿಸಬೇಕು. ಆಗಿಲ್ಲವಾದರೆ, ಪ್ರಶ್ನೆ ಹೇಗೇ ಇರಲಿ, ‘ನೋ’.

ಆದರೆ ಬೆವರುವ ಹೊತ್ತಿನಲ್ಲಿ ಈ ಲೆಕ್ಕ ತಲೆಗೆ ಬರುವುದಿಲ್ಲ. ಹಾಗಾಗಿ ಮೊದಲ ತಿಂಗಳು ಒಂದೇ ಅಭ್ಯಾಸ ಮಾಡಿದೆ: ‘ಯೆಸ್’, ‘ನೋ’ ಎರಡನ್ನೂ ಬಿಟ್ಟು ಸಂಗತಿಯನ್ನೇ ಹೇಳುವುದು. ‘ನಾಟ್ ಡಿಸ್ಪ್ಯಾಚ್ಡ್. ಒನ್ ಏಟಿ ಪೀಸಸ್ ಇನ್ ಅವರ್ ಯಾರ್ಡ್.’ ಇದರಲ್ಲಿ ವ್ಯಾಕರಣ ಕುಂಟುತ್ತದೆ, ಅರ್ಥ ಕುಂಟುವುದಿಲ್ಲ. ಸ್ಯಾಂಡ್ ಕಾರ್ಡ್ ಕಳುಹಿಸಲು ಅಭ್ಯಂತರವಿದೆಯೇ ಎಂಬರ್ಥದಲ್ಲಿ ಅವರು ‘ವುಡ್ ಯು ಮೈಂಡ್’ ಎಂದು ಕೇಳಿದಾಗಲೂ ಇದೇ ಉಪಾಯ ಕಾಯಿತು. ಅಲ್ಲಿ ‘ಯೆಸ್’ ಎಂದರೆ ಕೊಡುವುದಿಲ್ಲ ಎಂದಾಗುತ್ತಿತ್ತು. ‘ಐ ವಿಲ್ ಸೆಂಡ್ ಟುಡೇ’ ಎಂದೆ.

ಎರಡನೆಯದು, ಆ ಮೌನವನ್ನು ಗುರುತಿಸುವುದು. ನಾವು ಹೇಳಿದ ಒಂದೇ ಪದವನ್ನು ಎದುರಿನವರು ಪ್ರಶ್ನೆಯಾಗಿ ತಿರುಗಿಸಿದರೆ ಅವರಿಗೆ ಪದ ಕೇಳಿಸಿದೆ, ಅರ್ಥ ಕೂಡಿಬಂದಿಲ್ಲ. ದನಿ ಏರಿಸಿ ಪ್ರಯೋಜನವಿಲ್ಲ, ಮಾತನ್ನೇ ಬದಲಿಸಬೇಕು. ಅಂದು ನಾನು ಎರಡನೆಯ ಸಲ ‘ಸ್ಟಿಲ್ ಹಿಯರ್’ ಎಂದಿದ್ದರೆ ಸಾಕಿತ್ತು.

ಉಳಿದದ್ದು ನಿಧಾನವಾಗಿ ಬಂತು. ಬೆಳಗಿನ ಎಂಟೂವರೆಯ ಮೀಟಿಂಗ್‌ನಲ್ಲಿ ಹಿಂದಿನ ದಿನದ ರಿಜೆಕ್ಷನ್ ಅಂಕಿಗಳನ್ನು ಇಂಗ್ಲಿಷ್‌ನಲ್ಲಿ ಓದುವ ಎರಡು ನಿಮಿಷದ ಕೆಲಸವನ್ನು ಕೇಳಿ ಪಡೆದೆ. ಕೇಳುವವರು ನಮ್ಮವರೇ ಐದು ಜನ. ಆಮೇಲೆ ಕಾಲ್‌ಗೆ ಅರ್ಧ ಗಂಟೆ ಮೊದಲು ಅಂಕಿಗಳನ್ನೆಲ್ಲ ಮೇಲ್ ಮಾಡಿ, ಡಿ3 ಒಂದನ್ನೇ ಮಾತನಾಡತೊಡಗಿದೆ. ಮೂಲ ಕಾರಣ ವಿವರಿಸುವ ಡಿ4ರ ಪ್ರಶ್ನೋತ್ತರಕ್ಕೆ ಬರಲು ಏಳೆಂಟು ತಿಂಗಳು ಹಿಡಿಯಿತು. ಮೂರು ಜನ ಒಟ್ಟಿಗೆ ಮಾತನಾಡಿದರೆ ಇಂದಿಗೂ ಎಳೆ ತಪ್ಪುತ್ತದೆ. ಆಗ ಪ್ರಶ್ನೆಯನ್ನು ಚಾಟ್‌ನಲ್ಲಿ ಬರೆಯಿರಿ ಎಂದು ನೇರವಾಗಿ ಕೇಳುತ್ತೇನೆ. ಇದುವರೆಗೆ ಯಾರೂ ಬೇಸರಿಸಿಲ್ಲ.

ನನಗೆ ಇನ್ನೂ ಸಿಟ್ಟು ತರಿಸುವುದು ನಮ್ಮದೇ ಡಿ3 ಫಾರ್ಮ್. ಅದರಲ್ಲಿ ‘ಲಾಟ್ ನಾಟ್ ಡಿಸ್ಪ್ಯಾಚ್ಡ್?’ ಎಂಬ ಸಾಲಿನ ಮುಂದೆ ‘ಯೆಸ್’, ‘ನೋ’ ಎಂದು ಎರಡು ಚೌಕಗಳಿವೆ. ಬದಲಿಸಿ ಎಂದು ಮೂರು ಸಲ ಬರೆದು ಕೊಟ್ಟಿದ್ದೇನೆ, ಪ್ರತಿ ಸಲವೂ ಮುಂದಿನ ರಿವಿಷನ್‌ನಲ್ಲಿ ನೋಡೋಣ ಎಂಬ ಉತ್ತರ. ರಾಮದುರ್ಗದಿಂದ ಬಂದ ಹೊಸ ಟ್ರೈನಿ ಮೊನ್ನೆ ಪೆನ್ನು ಹಿಡಿದು ಆ ಎರಡು ಚೌಕಗಳ ನಡುವೆ ಬಹಳ ಹೊತ್ತು ನಿಂತಿದ್ದ. ‘ಅಣ್ಣಾ, ಯಾವುದಕ್ಕೆ ಗುರುತು ಹಾಕಲಿ?’ ಎಂದ. ಎರಡನ್ನೂ ಹೊಡೆದುಹಾಕಿ, ಪಕ್ಕದಲ್ಲಿ ಎಷ್ಟು ಪೀಸ್ ಎಲ್ಲಿವೆ ಎಂದು ಬರೆಯಿಸಿದೆ.