ಇಪ್ಪತ್ತೇಳೂವರೆ ಯೂರೋ ಕಡಿಮೆ ಬಿದ್ದ ಕಥೆ

ಪೀಣ್ಯದ ಒಂದು ಮಧ್ಯಮ ಗಾತ್ರದ ಮಶೀನ್ ಶಾಪ್‌ನಲ್ಲಿ ನಾನು ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ವಾಹನದ ಬಿಡಿಭಾಗ ಮಾಡಿ ಕೊಡುವ ಕಂಪನಿ ನಮ್ಮದು. ವರ್ಷಕ್ಕೆ ಹತ್ತು ಹನ್ನೆರಡು ಸಲ ಹೊರದೇಶಕ್ಕೆ ದುಡ್ಡು ಕಳಿಸುವ ಕೆಲಸ ಬರುತ್ತದೆ. ಟೂಲು, ಬೇರಿಂಗು, ಅಪರೂಪಕ್ಕೆ ಒಂದು ಸ್ಪಿಂಡಲ್. ಆ ದುಡ್ಡು ಕಳಿಸಲು ಬ್ಯಾಂಕಿಗೆ ಕೊಡುವ ಕೋರಿಕೆ ಪತ್ರ ಒಂದೇ ಪುಟದ್ದು. ಅದರ ಜೊತೆಗಿನ ಬ್ಯಾಂಕಿನ ಫಾರಂನಲ್ಲಿ ಒಂದು ಚೌಕ ಖಾಲಿ ಬಿಟ್ಟು ನಾನು ನಾಲ್ಕು ದಿನ ಮಶೀನ್ ನಿಲ್ಲಿಸಿದ್ದೇನೆ.

2022ರ ಜೂನ್. ಒಂದು ವಿಎಂಸಿ ಮಶೀನಿನಲ್ಲಿ ಟೂಲನ್ನು ಹಿಡಿದು ತಿರುಗಿಸುವ ಸ್ಪಿಂಡಲ್ ಕೂಗಲು ಶುರುಮಾಡಿ, ಮೂರನೇ ದಿನಕ್ಕೆ ಹೋಗೇ ಬಿಟ್ಟಿತು. ಜರ್ಮನಿಯ ತಯಾರಕರಲ್ಲಿ ಸ್ಟಾಕ್ ಇತ್ತು. ಸರಕಿಗೆ ಮೊದಲೇ ಕಳಿಸುವ ಬಿಲ್ಲು, ಪ್ರೊಫಾರ್ಮಾ, ಬಂತು: 8.460,00 ಯೂರೋ, ಪೂರ್ತಿ ಮುಂಗಡ. ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ, ಯಾವ ಕಡಿತವೂ ಇಲ್ಲದೆ ಪೂರ್ತಿ ಮೊತ್ತ ನಮ್ಮ ಖಾತೆಗೆ ಸೇರಬೇಕು, ಬ್ಯಾಂಕ್ ಖರ್ಚೆಲ್ಲ ಕೊಳ್ಳುವವರದು ಎಂದಿತ್ತು. ಓದಿದ್ದೆ. ಓದಿ ಮುಂದೆ ಹೋಗಿದ್ದೆ.

(ಮೊತ್ತವನ್ನು ಅವರು ಹಾಗೆಯೇ ಬರೆಯುವುದು. ಜರ್ಮನರಿಗೆ ಸಾವಿರಕ್ಕೆ ಚುಕ್ಕಿ, ದಶಮಾಂಶಕ್ಕೆ ಅಲ್ಪವಿರಾಮ. ನಮ್ಮ ಸ್ಟೋರ್ಸ್‌ನ ಹುಡುಗ ಅದನ್ನು ನೋಡಿ, "ಸಾರ್, ಎಂಟೂವರೆ ಯೂರೋಗೆ ಸ್ಪಿಂಡಲ್ ಕೊಡ್ತಾರಾ?" ಎಂದು ಕೇಳಿದ್ದ. ನಕ್ಕಿದ್ದೆವು. ಆದರೆ ಅಂದಿನಿಂದ ಮೊತ್ತವನ್ನು ಅಕ್ಷರದಲ್ಲೂ ಬರೆಯದೆ ಯಾವ ಪತ್ರವನ್ನೂ ನಾನು ಸಹಿಗೆ ಇಟ್ಟಿಲ್ಲ.)

ಬ್ಯಾಂಕಿನ ಫಾರಂನಲ್ಲಿ ಹೊರದೇಶದ ಬ್ಯಾಂಕಿನ ಖರ್ಚು ಯಾರದು ಎಂಬುದಕ್ಕೆ ಮೂರು ಚೌಕ ಇರುತ್ತವೆ: OUR, SHA, BEN. OUR ಎಂದರೆ ಎಲ್ಲ ಖರ್ಚೂ ಕಳಿಸುವವರದು. BEN ಎಂದರೆ ಎಲ್ಲವೂ ಪಡೆಯುವವರದು. SHA ಎಂದರೆ ಹಂಚಿಕೆ: ನಮ್ಮ ಬ್ಯಾಂಕಿನದನ್ನು ನಾವು ಕೊಡುತ್ತೇವೆ, ಅದರಾಚೆಯದು ಪಡೆಯುವವರ ಪಾಲು. ನಾನು ಯಾವುದಕ್ಕೂ ಟಿಕ್ ಹಾಕಲಿಲ್ಲ. ಅವಸರ, ಮಶೀನ್ ನಿಂತಿದೆ, ಯಜಮಾನರು ಎರಡು ಸಲ ಫೋನ್ ಮಾಡಿದ್ದಾರೆ. ಚೌಕ ಖಾಲಿ ಇದ್ದರೆ ನಮ್ಮ ಬ್ಯಾಂಕಿನ ವ್ಯವಸ್ಥೆ ತಾನೇ SHA ಎಂದು ಹಾಕಿಕೊಳ್ಳುತ್ತದೆ. ಅದು ನನಗೆ ಆಮೇಲೆ ತಿಳಿಯಿತು.

ಜೂನ್ 8, ಬುಧವಾರ ದುಡ್ಡು ಹೋಯಿತು. ಶುಕ್ರವಾರ ಅವರ ಖಾತೆಗೆ ಸೇರಿತು. ಸೋಮವಾರ ಬೆಳಿಗ್ಗೆ ಸ್ಪಿಂಡಲ್ ಕೊರಿಯರ್‌ಗೆ ಬೀಳುತ್ತದೆ ಎಂದುಕೊಂಡಿದ್ದೆ. ಬಿದ್ದದ್ದು ಮೇಲ್: "ನಮಗೆ ಬಂದಿರುವುದು 8.432,50. ಬಾಕಿ 27,50 ಬಂದ ಮೇಲೆ ಸರಕು ಬಿಡುತ್ತೇವೆ." ಏಳು ಲಕ್ಷ ರೂಪಾಯಿಯ ವ್ಯವಹಾರದಲ್ಲಿ ಎರಡು ಸಾವಿರ ಚಿಲ್ಲರೆಗೆ ಸರಕು ಹಿಡಿಯುತ್ತಾರಾ ಎಂದು ಸಿಟ್ಟು ಬಂತು. ಅವರ ಕಡೆಯ ಹೆಣ್ಣುಮಗಳು ಸಮಾಧಾನವಾಗಿಯೇ ಬರೆದಳು: ಮುಂಗಡದ ಆರ್ಡರ್‌ನಲ್ಲಿ ಇನ್‌ವಾಯ್ಸ್ ಮೊತ್ತಕ್ಕೂ ಜಮೆಯಾದದ್ದಕ್ಕೂ ತಾಳೆಯಾಗದಿದ್ದರೆ ಅವರ ಸಿಸ್ಟಮ್ ಡಿಸ್ಪ್ಯಾಚ್ ಚೀಟಿಯನ್ನೇ ಹುಟ್ಟಿಸುವುದಿಲ್ಲವಂತೆ.

ನಾನು ಬ್ಯಾಂಕಿಗೆ ಓಡಿದೆ. ಫಾರೆಕ್ಸ್ ಡೆಸ್ಕ್‌ನ ಮೇಡಂ ಸ್ವಿಫ್ಟ್ ಪ್ರತಿ, ಅಂದರೆ ಬ್ಯಾಂಕಿನಿಂದ ಬ್ಯಾಂಕಿಗೆ ಹೋಗುವ ಸಂದೇಶದ ನಕಲು, ತೆಗೆದು ತೋರಿಸಿದರು. "ನೋಡಿ ಸಾರ್, ನಮ್ಮಿಂದ ಪೂರ್ತಿ ಹೋಗಿದೆ." ಅವರು ಹೇಳಿದ್ದು ಸುಳ್ಳಲ್ಲ. ಆ ಪ್ರತಿಯಲ್ಲಿ ನಮಗೆ ಬೇಕಾದ ಸಾಲುಗಳು ಇಷ್ಟು:

```
:32A:220608EUR8460,00
:33B:EUR8460,00
:71A:SHA
```

33B ನಾವು ಕಳಿಸಿ ಎಂದು ಹೇಳಿದ ಮೊತ್ತ. 32A ಒಂದು ಬ್ಯಾಂಕಿನಿಂದ ಮುಂದಿನ ಬ್ಯಾಂಕಿಗೆ ನಿಜವಾಗಿ ದಾಟುವ ಮೊತ್ತ, ಅದರ ಮುಂದೆಯೇ ದಿನಾಂಕ ಮತ್ತು ಕರೆನ್ಸಿ. 71A ಖರ್ಚು ಯಾರದೆಂಬ ಮಾತು. ನಮ್ಮ ಬ್ಯಾಂಕಿನಿಂದ ಹೊರಡುವಾಗ ಎರಡು ಮೊತ್ತವೂ ಒಂದೇ. ಹಾಗಾದರೆ ದುಡ್ಡು ಎಲ್ಲಿ ಸವೆಯಿತು?

ಜರ್ಮನಿಯವರನ್ನು ಕೇಳಿಕೊಂಡೆ, ನಿಮ್ಮ ಬ್ಯಾಂಕಿಗೆ ಬಂದ ಸಂದೇಶದ ಪ್ರತಿ ಕಳಿಸಿ ಎಂದು. ಕಳಿಸಿದರು:

```
:32A:220609EUR8440,00
:33B:EUR8460,00
:71A:SHA
:71F:EUR20,00
```

ಇದನ್ನು ನೋಡಿದ ಮೇಲೆಯೇ ನನಗೆ ದುಡ್ಡಿನ ದಾರಿ ಕಣ್ಣಿಗೆ ಕಟ್ಟಿದ್ದು. ನಮ್ಮ ಬ್ಯಾಂಕಿಗೆ ಆ ಊರಿನ ಸಣ್ಣ ಬ್ಯಾಂಕಿನ ಜೊತೆ ನೇರ ಲೆಕ್ಕ ಇಲ್ಲ. ಫ್ರಾಂಕ್‌ಫರ್ಟ್‌ನ ಒಂದು ದೊಡ್ಡ ಬ್ಯಾಂಕಿನಲ್ಲಿ ನಮ್ಮ ಬ್ಯಾಂಕು ಯೂರೋ ಖಾತೆ ಇಟ್ಟುಕೊಂಡಿದೆ, ಅದಕ್ಕೆ ನಾಸ್ಟ್ರೋ ಖಾತೆ ಎನ್ನುತ್ತಾರೆ. ದುಡ್ಡು ಅಲ್ಲಿಂದ ದಾಟುತ್ತದೆ. ದಾಟಿಸುವ ಬ್ಯಾಂಕು SHA ಎಂಬುದನ್ನು ನೋಡಿ ತನ್ನ ಇಪ್ಪತ್ತನ್ನು ಮೊತ್ತದಲ್ಲೇ ಮುರಿದುಕೊಂಡಿತು, 71Fನಲ್ಲಿ ಪ್ರಾಮಾಣಿಕವಾಗಿ ಬರೆದೂ ಇಟ್ಟಿತು. ಉಳಿದ ಏಳೂವರೆ ಸರಬರಾಜುದಾರರ ಬ್ಯಾಂಕು ಜಮೆ ಮಾಡುವಾಗ ತೆಗೆದುಕೊಂಡದ್ದು. ಯಾರೂ ತಪ್ಪು ಮಾಡಿಲ್ಲ, ಎಲ್ಲರೂ ಚೌಕದಲ್ಲಿ ಇದ್ದಂತೆ ನಡೆದುಕೊಂಡಿದ್ದಾರೆ.

ಇನ್ನು ಬಾಕಿ ಕಳಿಸಬೇಕು. 27.50 ಯೂರೋ ಅಂದರೆ ಆಗಿನ ಸುಮಾರು 83 ರೂಪಾಯಿ ದರಕ್ಕೆ ₹2,283. ಅದನ್ನು ಕಳಿಸಲು ನಮ್ಮ ಬ್ಯಾಂಕಿನ ಕಮಿಷನ್ ₹750, ಸ್ವಿಫ್ಟ್ ಖರ್ಚು ₹500, ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ ₹1,475. ಕರೆನ್ಸಿ ಬದಲಾವಣೆಯ ಮೇಲಿನ ಜಿಎಸ್‌ಟಿ ₹45. ಈ ಸಲ OUR ಹಾಕಿದ್ದರಿಂದ ಹೊರದೇಶದ ಬ್ಯಾಂಕಿನ ಖರ್ಚೆಂದು 25 ಯೂರೋ, ಅಂದರೆ ₹2,075. ಒಟ್ಟು ₹3,595 ಖರ್ಚು ಮಾಡಿ ₹2,283 ಕಳಿಸಿದೆವು. ಮೊದಲ ಸಲವೇ OUR ಹಾಕಿದ್ದರೆ ಆ 25 ಯೂರೋದಲ್ಲೇ ಮುಗಿಯುತ್ತಿತ್ತು. ಯಜಮಾನರಿಗೆ ವೌಚರ್ ತೋರಿಸಿದಾಗ ಅವರು ಏನೂ ಅನ್ನಲಿಲ್ಲ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈದಿದ್ದರೇ ವಾಸಿಯಿತ್ತು. ಮಂಗಳವಾರ ಕಳಿಸಿದ್ದು ಗುರುವಾರ ಸೇರಿ, ಶುಕ್ರವಾರ 17ಕ್ಕೆ ಸ್ಪಿಂಡಲ್ ಹೊರಟಿತು.

ಬಾಕಿಯನ್ನೂ SHAದಲ್ಲೇ ಕಳಿಸಿದ್ದರೆ ಏನಾಗುತ್ತಿತ್ತು ನೋಡಿ. 27.50 ಹೊರಟು, ಇಪ್ಪತ್ತು ಫ್ರಾಂಕ್‌ಫರ್ಟ್‌ನಲ್ಲಿ, ಏಳೂವರೆ ಅವರೂರಿನಲ್ಲಿ. ಸೇರುತ್ತಿದ್ದದ್ದು ಸೊನ್ನೆ.

ಕರೆನ್ಸಿಯ ವಿಷಯದಲ್ಲೂ ಇಂಥದೇ ಒಂದು ಬಲೆ ಇದೆ. ನನ್ನ ಹಿಂದೆ ಈ ಕುರ್ಚಿಯಲ್ಲಿದ್ದವರು ಒಮ್ಮೆ ಪತ್ರದಲ್ಲಿ "ನಮ್ಮ ಖಾತೆಯಿಂದ ಇಂತಿಷ್ಟು ರೂಪಾಯಿ ತೆಗೆದು, ಅದಕ್ಕೆ ಸಮನಾದ ಯೂರೋ ಕಳಿಸಿ" ಎಂದು ಬರೆದಿದ್ದರು. ಬೆಳಿಗ್ಗೆ ಗೂಗಲ್‌ನಲ್ಲಿ ಕಂಡ ದರಕ್ಕೆ ಲೆಕ್ಕ ಹಾಕಿದ್ದು ಪಾಪ. ಬ್ಯಾಂಕು ನಮಗೆ ಮಾರುವ ದರ ಅದಕ್ಕಿಂತ ಯಾವಾಗಲೂ ಮೇಲೆ. ಅಲ್ಲಿ ರೂಪಾಯಿ ಗಟ್ಟಿಯಾಗಿ ನಿಂತಿತು, ಯೂರೋ ಕರಗಿತು. ಬರೆಯಬೇಕಾದದ್ದು ತಿರುವುಮುರುವು: ಯೂರೋ ಇಷ್ಟು, ಬಿಡಿಗಾಸೂ ಕಡಿಮೆಯಾಗದಂತೆ ಕಳಿಸಿ, ಅದಕ್ಕೆ ತಗಲುವ ರೂಪಾಯಿಯನ್ನು ನಮ್ಮ ಚಾಲ್ತಿ ಖಾತೆಯಿಂದ ತೆಗೆದುಕೊಳ್ಳಿ. ಇನ್‌ವಾಯ್ಸ್ ಯೂರೋದಲ್ಲಿದ್ದರೆ ಕಳಿಸುವುದೂ ಯೂರೋದಲ್ಲೇ. ಡಾಲರ್ ಕಳಿಸಿದರೆ ಅವರ ಬ್ಯಾಂಕು ತನ್ನ ದರಕ್ಕೆ ಬದಲಾಯಿಸುತ್ತದೆ, ಆಗ ಎಷ್ಟು ಸೇರುತ್ತದೆಂದು ದೇವರಿಗೂ ಗೊತ್ತಿರುವುದಿಲ್ಲ. ಮೊತ್ತ ದೊಡ್ಡದಿದ್ದರೆ ಕೌಂಟರಿನಲ್ಲಿ ಆ ದಿನಕ್ಕೆಂದು ಹಾಕಿರುವ ಕಾರ್ಡ್ ದರಕ್ಕೆ ಒಪ್ಪದೆ ಬ್ಯಾಂಕಿನ ಟ್ರೆಷರಿಗೆ ಫೋನ್ ಹಾಕಿಸಿ ದರ ಬುಕ್ ಮಾಡಿಸಿಕೊಂಡು, ಆ ದರವನ್ನೂ ಪತ್ರದಲ್ಲೇ ಬರೆಯುತ್ತೇನೆ. ಹಾಗೆ ಬರೆಯದಿದ್ದರೆ ಬುಕ್ ಮಾಡಿದ್ದು ಒಂದು, ಹಾಕಿದ್ದು ಒಂದು ಆಗುತ್ತದೆ.

ಈಗ ನನ್ನ ಪತ್ರದಲ್ಲಿ ಖರ್ಚಿಗೆ ಒಂದಲ್ಲ, ಎರಡು ಸಾಲು ಇರುತ್ತವೆ. ಭಾರತದೊಳಗಿನ ಬ್ಯಾಂಕ್ ಖರ್ಚು ನಮ್ಮದು, ಇಂಥ ಸಂಖ್ಯೆಯ ಖಾತೆಯಿಂದ ಬೇರೆಯಾಗಿ ತೆಗೆದುಕೊಳ್ಳಿ ಎಂದು ಒಂದು. ಭಾರತದ ಹೊರಗಿನ ಖರ್ಚೂ ನಮ್ಮದೇ, OUR ಹಾಕಿ, ಕಳಿಸುವ ಮೊತ್ತದಲ್ಲಿ ಮುರಿಯಬೇಡಿ ಎಂದು ಇನ್ನೊಂದು. ಫಾರಂನ ಚೌಕಕ್ಕೆ ಟಿಕ್ ಬೇರೆ. ಪತ್ರ ಒಂದು ಹೇಳಿ ಫಾರಂ ಇನ್ನೊಂದು ಹೇಳಿದರೆ ಬ್ಯಾಂಕಿನವರು ಎಂಟ್ರಿ ಮಾಡುವುದು ಫಾರಂ ನೋಡಿಯೇ. ದುಡ್ಡು ಹೋದ ದಿನವೇ ಸ್ವಿಫ್ಟ್ ಪ್ರತಿ ತರಿಸಿ ಖರ್ಚು ಯಾರದೆಂಬ ಸಾಲನ್ನು ಓದುತ್ತೇನೆ. ಬ್ಯಾಂಕುಗಳು ಈಗ ಹೊಸ ಮಾದರಿಯ ಪ್ರತಿ ಕೊಡುತ್ತವೆ. ಅದರಲ್ಲಿ 71Aಗೆ ಬದಲಾಗಿ ಬಂದಿರುವ ChrgBr ಎಂಬ ಜಾಗದಲ್ಲಿ OUR ಬದಲು DEBT, SHA ಬದಲು SHAR, BEN ಬದಲು CRED ಎಂದಿರುತ್ತದೆ. DEBT ಎಂಬುದನ್ನು ನೋಡಿ ಸಾಲ ಎಂದುಕೊಂಡು ನಾನು ಒಂದು ಕ್ಷಣ ಬೆಚ್ಚಿದ್ದುಂಟು. ಅದು ಖರ್ಚು ದುಡ್ಡು ಕಳಿಸುವವರ ತಲೆಯ ಮೇಲೆ ಎಂಬುದರ ಗುರುತು ಅಷ್ಟೇ.

OUR ಹಾಕಿದರೆ ಎಲ್ಲವೂ ಸರಿಹೋಗುತ್ತದೆ ಎಂದೂ ಅಲ್ಲ. ತೈವಾನಿನ ಒಬ್ಬ ಟೂಲ್ ಸರಬರಾಜುದಾರರಿಗೆ OURನಲ್ಲಿ ಕಳಿಸಿದ ಡಾಲರು ಹದಿನೈದು ಕಡಿಮೆಯಾಗಿ ಸೇರಿತು. ಡಾಲರಿನ ದಾರಿ ನ್ಯೂಯಾರ್ಕ್ ಮೇಲೆ ಹೋಗುತ್ತದೆ, ನಡುವಿನ ಬ್ಯಾಂಕು ಎರಡಾದರೆ ಎರಡನೆಯದು OUR ಮಾತನ್ನು ಗೌರವಿಸದೆ ಮುರಿದುಕೊಳ್ಳುವುದುಂಟು. ಇನ್ನೊಂದು ಸಲ ಪೂರ್ತಿ ಸೇರಿತು, ಆದರೆ ಮೂರು ವಾರ ಬಿಟ್ಟು ನಮ್ಮ ಖಾತೆಯಲ್ಲಿ ಹೊರದೇಶದ ಬ್ಯಾಂಕಿನ ಕ್ಲೇಮ್ ಎಂದು ಒಂದು ಖರ್ಚು ಬಿದ್ದಿತ್ತು. ಹಾಗಾಗಿ ಆಮದಿನ ವೆಚ್ಚದ ಲೆಕ್ಕವನ್ನು ನಾನು ಒಂದು ತಿಂಗಳು ಮುಚ್ಚುವುದಿಲ್ಲ. ಹೆಚ್ಚುವರಿ ಶುಲ್ಕಕ್ಕೆ ಪೂರ್ತಿ ಸೇರಿಸುವ ಖಾತರಿ ಕೊಡುವ ಬ್ಯಾಂಕುಗಳೂ ಇವೆ. ಮುಂಗಡ ಆರ್ಡರ್ ಆಗಿದ್ದು ಅವಸರವಿದ್ದರೆ ಅದನ್ನು ಕೇಳಿ ಪಡೆಯುತ್ತೇನೆ. ಹಳೇ ಪರಿಚಯದವರಿಗೆ, ಸರಕು ಬಂದ ಮೇಲೆ ಕೊಡುವ ದುಡ್ಡಿಗೆ SHA ಸಾಕು, ಕಡಿಮೆ ಬಿದ್ದದ್ದನ್ನು ಮುಂದಿನ ಇನ್‌ವಾಯ್ಸ್‌ನಲ್ಲಿ ಸೇರಿಸಿಕೊಳ್ಳುತ್ತಾರೆ.

ಮೊನ್ನೆ ಇಟಲಿಯಿಂದ ಒಂದು ಪ್ರೊಫಾರ್ಮಾ ಬಂದಿತ್ತು. ಹೊಸದಾಗಿ ಸೇರಿದ ಹುಡುಗಿ ಅದನ್ನು ಹಿಡಿದುಕೊಂಡು ಬಂದಳು. "ಸಾರ್, ಬ್ಯಾಂಕ್ ಖರ್ಚು OUR ಅಂತ ಅವರೇ ಬರೆದಿದಾರೆ. ಅಂದ್ರೆ ಅವರದೇ ಅಲ್ವಾ? ನಮಗೆ ಉಳೀತು." ನಾನೂ ಎರಡು ಸಲ ಓದಿದೆ. ಬರೆದವರು ಅವರು, ಹಾಗಾಗಿ ಮಾತಿನ ಅರ್ಥದಲ್ಲಿ ಅವರದೇ. ಬ್ಯಾಂಕಿನ ಗುರುತಿನ ಅರ್ಥದಲ್ಲಿ ನಮ್ಮದು. ಊಹಿಸಿ ಟಿಕ್ ಹಾಕುವುದು ಬೇಡವೆಂದು ಅವಳ ಕೈಯಲ್ಲೇ ಮೇಲ್ ಹಾಕಿಸಿದೆ: ನಿಮ್ಮ ಬ್ಯಾಂಕಿನ ಮತ್ತು ನಡುವಿನ ಬ್ಯಾಂಕಿನ ಖರ್ಚು ಕೊಳ್ಳುವವರದೋ, ಮಾರುವವರದೋ? ಸಂಜೆಗೆ ಒಂದೇ ಪದದ ಉತ್ತರ ಬಂತು: ಕೊಳ್ಳುವವರದು. ಅವಳು ಆ ಮೇಲ್ ಪ್ರಿಂಟ್ ತೆಗೆದು ಪತ್ರಕ್ಕೆ ಪಿನ್ ಮಾಡಿದಳು.